ಲೆಕ್ಕ 46, ಆದರೂ ಡೌನ್ ಸಿಂಡ್ರೋಮ್

ಡೌನ್ ಸಿಂಡ್ರೋಮ್ ಇರುವ ಮಕ್ಕಳ ಜೀವಕೋಶಗಳಲ್ಲಿ 46ರ ಬದಲು 47 ಕ್ರೋಮೋಸೋಮುಗಳಿವೆ ಎಂದು 1959ರಲ್ಲಿ ಪ್ಯಾರಿಸ್ಸಿನ ಜೆರೋಮ್ ಲೆಜೂನ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದರು. ಹೆಚ್ಚುವರಿಯಾಗಿ ಸೇರಿಕೊಂಡದ್ದು 21ನೆಯದು. ಕಾರಣ ಸಿಕ್ಕಿತು ಎಂದು ವೈದ್ಯಲೋಕ ನಿಟ್ಟುಸಿರು ಬಿಡುವಷ್ಟರಲ್ಲಿ, ಮರುವರ್ಷವೇ ಲಂಡನ್ನಿನಿಂದ ಪಾಲ್ ಪೊಲಾನಿ ಮತ್ತು ಸಂಗಡಿಗರ ವರದಿ ಬಂತು. ಅವರು ಪರೀಕ್ಷಿಸಿದ ಹುಡುಗಿಗೆ ಇದ್ದದ್ದು ಡೌನ್ ಸಿಂಡ್ರೋಮೇ. ಆದರೆ ಎಣಿಸಿದರೆ ಕ್ರೋಮೋಸೋಮುಗಳು 46.

ಹೆಚ್ಚುವರಿ 21 ಎಲ್ಲಿಗೂ ಹೋಗಿರಲಿಲ್ಲ. ಅದು ಇನ್ನೊಂದು ಕ್ರೋಮೋಸೋಮಿನ ತಲೆಗೆ ಅಂಟಿಕೊಂಡಿತ್ತು. ಯಾವುದರ ತಲೆಗೆ ಎಂದು ಹೇಳುವುದು ಆಗ ಸುಲಭವಿರಲಿಲ್ಲ. 13, 14, 15 ಈ ಮೂರೂ ಗಾತ್ರದಲ್ಲಿ, ಆಕಾರದಲ್ಲಿ ಒಂದೇ ಥರ ಕಾಣುತ್ತವೆ. ಆ ಕಾಲದ ಬಣ್ಣದಲ್ಲಿ ಮೂರನ್ನೂ ಒಂದೇ ಗುಂಪಿಗೆ ಹಾಕಿ ಸುಮ್ಮನಾಗಬೇಕಿತ್ತು. ಗುರುತು ಹಿಡಿಯಲು ಕ್ರೋಮೋಸೋಮಿನ ಮೈಮೇಲೆ ಪಟ್ಟೆಗಳು ಮೂಡಬೇಕಿತ್ತು. ಅದಕ್ಕೆ ಇನ್ನೂ ಹತ್ತು ವರ್ಷ ಬೇಕಾಯಿತು.

ಇಂದು ಅಂಥ ಒಂದು ಮಗುವಿನ ರಕ್ತ ಲ್ಯಾಬಿಗೆ ಬಂದರೆ ಏನೇನು ನಡೆಯುತ್ತದೆ ನೋಡೋಣ. ಉದಾಹರಣೆಗೆ, ತಾಯಿಗೆ 23 ವರ್ಷ, ಇದು ಎರಡನೆಯ ಹೆರಿಗೆ, ನಡುವೆ ಒಮ್ಮೆ ಗರ್ಭಪಾತವಾಗಿದೆ ಎಂದುಕೊಳ್ಳಿ. ಮಗುವಿನ ಮುಖಲಕ್ಷಣ, ಮೈಯ ಸಡಿಲ ನೋಡಿ ಮಕ್ಕಳ ವೈದ್ಯರು ಕ್ಯಾರಿಯೋಟೈಪ್ ಮಾಡಿಸಲು ಬರೆದುಕೊಟ್ಟಿದ್ದಾರೆ.

ಮೊದಲ ಎಡವಟ್ಟು ರಕ್ತ ತೆಗೆಯುವಾಗಲೇ ಆಗಬಹುದು. ಸಾಮಾನ್ಯ ರಕ್ತಪರೀಕ್ಷೆಗೆ ಬಳಸುವ ನೇರಳೆ ಮುಚ್ಚಳದ ಟ್ಯೂಬು ಇಲ್ಲಿಗೆ ಆಗಿಬರುವುದಿಲ್ಲ. ಅದರೊಳಗಿನ ಇಡಿಟಿಎ ಎಂಬ ರಾಸಾಯನಿಕ ಜೀವಕೋಶಗಳ ಬೆಳವಣಿಗೆಗೆ ಅಡ್ಡಿ. ಸೋಡಿಯಂ ಹೆಪಾರಿನ್ ಇರುವ ಹಸಿರು ಮುಚ್ಚಳದ ಟ್ಯೂಬೇ ಬೇಕು. ಹೆಪ್ಪುಗಟ್ಟಿದ ರಕ್ತವಾಗಲಿ, ಫ್ರೀಜರಿನಲ್ಲಿಟ್ಟ ರಕ್ತವಾಗಲಿ ಕೆಲಸಕ್ಕೆ ಬಾರದು. ಡಿಎನ್‌ಎ ಪರೀಕ್ಷೆಗೆ ಸತ್ತ ಕೋಶವಾದರೂ ನಡೆದೀತು, ಇದಕ್ಕೆ ಬದುಕಿರುವ ಕೋಶ ಬೇಕು. ಕ್ರೋಮೋಸೋಮುಗಳು ಬಿಡಿಬಿಡಿಯಾಗಿ ಕಾಣುವುದು ಕೋಶ ಇಬ್ಭಾಗವಾಗುವ ಹೊತ್ತಿನಲ್ಲಿ ಮಾತ್ರ. ಉಳಿದ ಸಮಯದಲ್ಲಿ ಅವು ಸಡಿಲವಾದ ಎಳೆಗಳಾಗಿ ಕೋಶಕೇಂದ್ರದಲ್ಲಿ ಹರಡಿಕೊಂಡಿರುತ್ತವೆ.

ರಕ್ತದ ಕೆಂಪು ಕಣಗಳಿಗೆ ಕೋಶಕೇಂದ್ರವೇ ಇಲ್ಲ. ಬಿಳಿ ಕಣಗಳಲ್ಲಿ ಲಿಂಫೋಸೈಟುಗಳಿಗೆ ಇದೆ, ಆದರೆ ಅವು ಸುಮ್ಮನೆ ವಿಭಜನೆಗೆ ಇಳಿಯುವುದಿಲ್ಲ. ಅವನ್ನು ಎಬ್ಬಿಸಲು ರಾಜ್ಮಾ ಕಾಳಿನ ಸತ್ವ ಬೇಕು, ಫೈಟೋಹೀಮಗ್ಲುಟಿನಿನ್. ಕೆಂಪು ಕಣಗಳನ್ನು ಮುದ್ದೆಗಟ್ಟಿಸಿ ಬೇರ್ಪಡಿಸಲೆಂದು ಇದನ್ನು ಬಳಸುತ್ತಿದ್ದಾಗ ಬಿಳಿ ಕಣಗಳು ವಿಭಜನೆಗೊಳ್ಳುತ್ತಿರುವುದನ್ನು ಫಿಲಡೆಲ್ಫಿಯಾದ ಪೀಟರ್ ನೋವೆಲ್ ಗಮನಿಸಿದರು; 1960ರಲ್ಲಿ ಪ್ರಕಟಿಸಿದರು. ಸರಿಯಾಗಿ ಬೇಯದ ರಾಜ್ಮಾ ಹೊಟ್ಟೆ ಕೆಡಿಸುವುದಕ್ಕೂ ಇದೇ ವಸ್ತು ಕಾರಣ.

ಸುಮಾರು ಅರ್ಧ ಮಿಲಿಲೀಟರ್ ರಕ್ತವನ್ನು ಪೋಷಕ ದ್ರಾವಣ, ಕರುವಿನ ಸೀರಂ ಮತ್ತು ಈ ಸತ್ವದೊಂದಿಗೆ ಬೆರೆಸಿ 37 ಡಿಗ್ರಿಯಲ್ಲಿ 72 ಗಂಟೆ ಇಡುತ್ತಾರೆ. ಕೊನೆಯ ಅರ್ಧ-ಮುಕ್ಕಾಲು ಗಂಟೆಯಲ್ಲಿ ಕಾಲ್ಸೆಮಿಡ್ ಹಾಕುತ್ತಾರೆ. ನಮ್ಮ ಬೇಲಿಗಳಲ್ಲಿ ಬೆಳೆಯುವ ಅಗ್ನಿಶಿಖೆಯ ಗಡ್ಡೆಯಲ್ಲಿರುವ ಕಾಲ್ಚಿಸಿನ್ ಎಂಬ ವಿಷದ ಹತ್ತಿರದ ಸಂಬಂಧಿ ಇದು. ವಿಭಜನೆಯಾಗುತ್ತಿರುವ ಕೋಶದಲ್ಲಿ ಕ್ರೋಮೋಸೋಮುಗಳನ್ನು ಎರಡು ಕಡೆಗೆ ಎಳೆಯುವ ತಂತುಗಳು ಕಟ್ಟಿಕೊಳ್ಳದಂತೆ ಇದು ತಡೆಯುತ್ತದೆ. ಕೋಶ ನಡುದಾರಿಯಲ್ಲೇ ನಿಂತುಬಿಡುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ತೊಂದರೆ: ನಿಂತ ಕೋಶಗಳ ಸಂಖ್ಯೆಯೇನೋ ಹೆಚ್ಚುತ್ತದೆ, ಆದರೆ ಕ್ರೋಮೋಸೋಮುಗಳು ಕುಗ್ಗಿ ಮೊಂಡಾಗುತ್ತವೆ, ಅಕ್ಕಪಕ್ಕದ ಪಟ್ಟೆಗಳು ಒಂದರೊಳಗೊಂದು ಬೆರೆತುಹೋಗುತ್ತವೆ.

ಮುಂದಿನ ಹೆಜ್ಜೆ ಪೊಟ್ಯಾಸಿಯಂ ಕ್ಲೋರೈಡಿನ ತೆಳು ದ್ರಾವಣ. ಕೋಶದ ಒಳಗಿಗಿಂತ ಹೊರಗೆ ಲವಣ ಕಡಿಮೆ ಇರುವುದರಿಂದ ನೀರು ಒಳನುಗ್ಗಿ ಕೋಶ ಊದಿಕೊಳ್ಳುತ್ತದೆ, ಕ್ರೋಮೋಸೋಮುಗಳು ದೂರದೂರ ಸರಿಯುತ್ತವೆ. ಈ ಉಪಾಯ ಹೊಳೆದದ್ದೂ ಆಕಸ್ಮಿಕವಾಗಿ. 1952ರ ಸುಮಾರಿಗೆ ಟೆಕ್ಸಾಸಿನಲ್ಲಿ ಟಿ. ಸಿ. ಶೂ ಅವರ ಕೋಶಗಳನ್ನು ತೊಳೆಯುವ ಲವಣದ್ರಾವಣವನ್ನು ಯಾರೋ ತಪ್ಪಾಗಿ ತೆಳುವಾಗಿ ತಯಾರಿಸಿದ್ದರು. ಅಲ್ಲಿಯವರೆಗೆ ಮುದ್ದೆಯಾಗಿ ಕಾಣುತ್ತಿದ್ದ ಕ್ರೋಮೋಸೋಮುಗಳು ಅಂದು ಚೆನ್ನಾಗಿ ಬಿಡಿಸಿಕೊಂಡು ಕಂಡವು. ಮನುಷ್ಯನಿಗೆ ಕ್ರೋಮೋಸೋಮುಗಳು 48 ಎಂಬ ಹಳೆಯ ನಂಬಿಕೆ ಇದ್ದ ಕಾಲ ಅದು. 46 ಎಂಬುದು ಖಚಿತವಾದದ್ದು 1956ರಲ್ಲಿ, ಸ್ವೀಡನ್ನಿನಲ್ಲಿ ಜೋ ಹಿನ್ ಟಿಯೋ ಮತ್ತು ಆಲ್ಬರ್ಟ್ ಲೆವಾನ್ ಇದೇ ವಿಧಾನ ಬಳಸಿ ಎಣಿಸಿದ ಮೇಲೆ.

ಊದಿದ ಕೋಶಗಳನ್ನು ಮೂರು ಪಾಲು ಮೆಥನಾಲ್, ಒಂದು ಪಾಲು ಅಸಿಟಿಕ್ ಆಮ್ಲದಲ್ಲಿ ಗಟ್ಟಿಗೊಳಿಸಿ ಗಾಜಿನ ಸ್ಲೈಡಿನ ಮೇಲೆ ತೊಟ್ಟಿಕ್ಕುತ್ತಾರೆ. ಇಲ್ಲಿ ಕೈಚಳಕದ ಜೊತೆ ಹವೆಯ ಆಟವೂ ಇದೆ. ಕಲಬುರಗಿಯ ಬೇಸಿಗೆಯಂಥ ಒಣ ಹವೆಯಲ್ಲಿ ಹನಿ ಬೇಗ ಆರಿ ಕ್ರೋಮೋಸೋಮುಗಳು ಒತ್ತೊತ್ತಾಗಿ ಕೂರುತ್ತವೆ. ಮಂಗಳೂರಿನ ಮಳೆಗಾಲದಂಥ ತೇವದಲ್ಲಿ ನಿಧಾನವಾಗಿ ಆರಿ, ಹರಡುವಿಕೆ ಅತಿಯಾಗಿ, ಒಂದೆರಡು ಕ್ರೋಮೋಸೋಮು ಕೋಶದಿಂದಲೇ ಚದುರಿಹೋಗಬಹುದು. ಹಾಗಾಗಿ ಒಂದೇ ಒಂದು ಕೋಶದಲ್ಲಿ 45 ಕಂಡರೆ ಯಾರೂ ಗಾಬರಿಯಾಗುವುದಿಲ್ಲ. ಸಾಮಾನ್ಯವಾಗಿ 20 ಕೋಶಗಳನ್ನು ಎಣಿಸುತ್ತಾರೆ. ಪ್ರತಿ ಕೋಶದಲ್ಲೂ ಬೇರೆಬೇರೆ ಕ್ರೋಮೋಸೋಮು ಕಾಣೆಯಾಗಿದ್ದರೆ ಅದು ಸ್ಲೈಡಿನ ದೋಷ. ಅದೇ ಕ್ರೋಮೋಸೋಮು ಮತ್ತೆಮತ್ತೆ ಇಲ್ಲವೆಂದಾದರೆ ಮಾತ್ರ ಅದು ವ್ಯಕ್ತಿಯ ಸಂಗತಿ. ಮೈಯ ಕೆಲವು ಕೋಶಗಳಲ್ಲಷ್ಟೇ ದೋಷವಿರುವ ಮೊಸಾಯಿಕ್ ಸ್ಥಿತಿಯ ಶಂಕೆಯಿದ್ದರೆ 30, 50 ಕೋಶಗಳವರೆಗೂ ಹೋಗುತ್ತಾರೆ. 20 ಕೋಶ ನೋಡಿದರೂ ನೂರಕ್ಕೆ ಹತ್ತರಷ್ಟು ಕೋಶಗಳಲ್ಲಿರುವ ದೋಷ ಕಣ್ತಪ್ಪಿಸಿಕೊಳ್ಳಬಲ್ಲದು.

ಈಗ ಪಟ್ಟೆ. ಸ್ಲೈಡನ್ನು ಬಿಸಿಯಲ್ಲಿಟ್ಟು ಹಳಸಿ, ಟ್ರಿಪ್ಸಿನ್ ಎಂಬ ಪ್ರೋಟೀನು ಜೀರ್ಣಿಸುವ ಕಿಣ್ವದಲ್ಲಿ ಕೆಲವೇ ಸೆಕೆಂಡು ಅದ್ದಿ, ಗೀಮ್ಸಾ ಬಣ್ಣ ಹಾಕುತ್ತಾರೆ. ಮರೀನಾ ಸೀಬ್ರೈಟ್ 1971ರಲ್ಲಿ ಇಂಗ್ಲೆಂಡಿನಿಂದ ಪ್ರಕಟಿಸಿದ ವಿಧಾನ ಇದು. ಡಿಎನ್‌ಎಯಲ್ಲಿ ಎ-ಟಿ ಜೋಡಿಗಳು ಹೆಚ್ಚಿದ್ದು ಜೀನುಗಳು ವಿರಳವಾಗಿರುವ ಭಾಗ ಕಡುಬಣ್ಣ ತಾಳುತ್ತದೆ, ಜೀನುಗಳು ದಟ್ಟವಾಗಿರುವ ಭಾಗ ತಿಳಿಯಾಗಿ ಉಳಿಯುತ್ತದೆ. ಸೆಕೆಂಡುಗಳ ಲೆಕ್ಕ ತಪ್ಪಿದರೆ ಕಣ್ಣಿಗೇ ಗೊತ್ತಾಗುತ್ತದೆ: ಟ್ರಿಪ್ಸಿನ್ ಕಡಿಮೆಯಾದರೆ ಕ್ರೋಮೋಸೋಮು ಉದ್ದಕ್ಕೂ ಒಂದೇ ಬಣ್ಣ, ಹೆಚ್ಚಾದರೆ ಅಂಚು ಕರಗಿ ಉಬ್ಬಿಕೊಂಡು ಮಸುಕಾಗುತ್ತದೆ. ಅದಕ್ಕೇ ಅನುಭವಸ್ಥರು ಮೊದಲು ಒಂದು ಸ್ಲೈಡಿನಲ್ಲಿ ಪರೀಕ್ಷಿಸಿ ನೋಡಿ, ಆ ದಿನದ ಹದ ತಿಳಿದ ಮೇಲೆ ಉಳಿದವಕ್ಕೆ ಕೈಹಾಕುತ್ತಾರೆ.

ನಮ್ಮ ಉದಾಹರಣೆಯ ಮಗುವಿನ 20 ಕೋಶಗಳಲ್ಲೂ ಎಣಿಕೆ 46. ತಿಳಿಯದವರು ಇಲ್ಲಿಗೇ ‘ನಾರ್ಮಲ್’ ಎಂದು ಬರೆದುಬಿಟ್ಟಾರು. ಕ್ರೋಮೋಸೋಮುಗಳನ್ನು ಕಂಪ್ಯೂಟರಿನ ಪರದೆಯ ಮೇಲೆ ಜೋಡಿ ಜೋಡಿಯಾಗಿ ಹೊಂದಿಸುತ್ತಾ ಹೋದಾಗ 13, 14, 15ರ ಸಾಲಿನಲ್ಲಿ ತೊಡಕು ಶುರುವಾಗುತ್ತದೆ. ಈ ಮೂರನ್ನೂ 21, 22ನ್ನೂ ಸೇರಿಸಿ ಐದರದ್ದೂ ಒಂದು ವೈಶಿಷ್ಟ್ಯ: ನಡುಗಂಟು ತೀರಾ ತುದಿಯಲ್ಲಿದ್ದು, ಮೇಲಿನ ತೋಳು ಹೆಸರಿಗಷ್ಟೇ ಇರುತ್ತದೆ. ಉದ್ದ ತೋಳಿನಲ್ಲಿ ಕಡುಪಟ್ಟೆಗಳು ಎಲ್ಲಿವೆ ಎಂಬುದೇ ಗುರುತು. 13ರಲ್ಲಿ ಅವು ಕೆಳ ಅರ್ಧದಲ್ಲಿ ಎದ್ದು ಕಾಣುತ್ತವೆ, 15ರಲ್ಲಿ ಮೇಲ್ಭಾಗದಲ್ಲಿ. 14ರಲ್ಲಿ ನಡುಗಂಟಿನ ಹತ್ತಿರ ಕಡುಬಣ್ಣ, ಕೆಳತುದಿಯ ಸಮೀಪ ಬೇರೆಯಾಗಿ ಇನ್ನೊಂದು ಪಟ್ಟೆ. ಮಗುವಿನಲ್ಲಿ ಸರಿಯಾದ 14 ಒಂದೇ ಇದೆ. ಅದರ ಜೊತೆಗಾರನಾಗಬೇಕಿದ್ದದ್ದಕ್ಕೆ ಕೆಳಗಿನ ತೋಳು 14ರದ್ದೇ, ಆದರೆ ಮೇಲೆ ಇರಬಾರದಷ್ಟು ಉದ್ದದ ತೋಳು. ಆ ತೋಳಿನಲ್ಲಿ ನಡುಗಂಟಿನ ಪಕ್ಕದಲ್ಲೇ ದಪ್ಪನೆಯ ಕಡುಪಟ್ಟೆಯೊಂದಿದೆ. ಅದು 21ರ ಸಹಿ. 22 ಆಗಿದ್ದರೆ ಹೆಚ್ಚುಕಡಿಮೆ ಪೂರ್ತಿ ತಿಳಿಯಾಗಿ, ಸಣ್ಣ ಬೂದುಗೆರೆಯಷ್ಟೇ ಕಾಣುತ್ತಿತ್ತು. (ಅಂದಹಾಗೆ, ಗಾತ್ರದ ಪ್ರಕಾರ 21ಕ್ಕಿಂತ 22 ದೊಡ್ಡದು. ಡೌನ್ ಸಿಂಡ್ರೋಮಿಗೆ 21 ಎಂಬ ಹೆಸರು ಅಂಟಿಕೊಂಡುಬಿಟ್ಟಿದ್ದರಿಂದ ಸಂಖ್ಯೆ ಬದಲಿಸಲಿಲ್ಲ.) ಇವಲ್ಲದೆ ಬಿಡಿಯಾಗಿ ಎರಡು 21 ಇವೆ. ಅಂದರೆ 21ರ ಉದ್ದ ತೋಳು ಒಟ್ಟು ಮೂರು. ವರದಿಯಲ್ಲಿ ಹೀಗೆ ಬರುತ್ತದೆ:

46,XX,der(14;21)(q10;q10),+21

ಒಟ್ಟು 46, ಹೆಣ್ಣು, 14 ಮತ್ತು 21 ನಡುಗಂಟಿನಲ್ಲಿ ಕೂಡಿಕೊಂಡಿವೆ, ಜೊತೆಗೆ ಒಂದು 21 ಹೆಚ್ಚುವರಿ ಎಂದು ಇದನ್ನು ಓದಬೇಕು. ಸಾಮಾನ್ಯ ಡೌನ್ ಸಿಂಡ್ರೋಮಿನ ಬರಹ 47,XX,+21. ನೂರರಲ್ಲಿ ಸುಮಾರು 95 ಮಕ್ಕಳದ್ದು ಈ ಎರಡನೆಯ ಬಗೆ. ಕೂಡಿಕೆಯ ಬಗೆ ಮೂರು-ನಾಲ್ಕು ಮಾತ್ರ. ಮಗುವಿನ ಆರೈಕೆಯ ದೃಷ್ಟಿಯಿಂದ ಎರಡಕ್ಕೂ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಅಪ್ಪ-ಅಮ್ಮನ ವಿಷಯದಲ್ಲಿ. ಅದಕ್ಕೇ ಇಂಥ ವರದಿ ಬಂದ ಕೂಡಲೇ ಇಬ್ಬರ ರಕ್ತವನ್ನೂ ತರಿಸುತ್ತಾರೆ.

ನಮ್ಮ ಉದಾಹರಣೆಯ ತಾಯಿಯ ಫಲಿತಾಂಶ 45,XX,der(14;21)(q10;q10). ಒಂದು ಕಡಿಮೆ, ಆದರೂ ಆಕೆ ಪೂರ್ಣ ಆರೋಗ್ಯವಂತೆ. ಕೂಡಿಕೊಳ್ಳುವಾಗ ಕಳೆದುಹೋದದ್ದು ಎರಡು ಗಿಡ್ಡ ತೋಳುಗಳು ಮಾತ್ರ. ಅವುಗಳಲ್ಲಿರುವ ರೈಬೋಸೋಮಿನ ಜೀನುಗಳ ಪ್ರತಿಗಳು ಉಳಿದ ಎಂಟು ಗಿಡ್ಡ ತೋಳುಗಳಲ್ಲೂ ಇರುವುದರಿಂದ ಕೊರತೆ ಕಾಣಿಸುವುದಿಲ್ಲ. ತೊಡಕು ಎದುರಾಗುವುದು ಅಂಡಾಣು ತಯಾರಾಗುವಾಗ. ಕೂಡಿದ ಕ್ರೋಮೋಸೋಮು, ಬಿಡಿ 14, ಬಿಡಿ 21 ಈ ಮೂರನ್ನು ಎರಡು ಪಾಲು ಮಾಡಬೇಕು. ಬಿಡಿ 14, ಬಿಡಿ 21 ಒಂದೇ ಕಡೆ ಹೋದರೆ ಮಗುವಿನ ಕ್ರೋಮೋಸೋಮುಗಳು ಸಹಜ. ಕೂಡಿದ್ದು ಒಂಟಿಯಾಗಿ ಹೋದರೆ ಮಗು ತಾಯಿಯಂತೆಯೇ ವಾಹಕ. ಕೂಡಿದ್ದೂ ಬಿಡಿ 21ಊ ಒಟ್ಟಿಗೆ ಹೋದರೆ ಡೌನ್ ಸಿಂಡ್ರೋಮ್. ಉಳಿದ ಹಂಚಿಕೆಗಳಲ್ಲಿ ಗರ್ಭ ಸಾಮಾನ್ಯವಾಗಿ ಉಳಿಯುವುದಿಲ್ಲ. ನಡುವಿನ ಗರ್ಭಪಾತಕ್ಕೆ ಇದು ಕಾರಣವಾಗಿರಬಹುದು.

ಲೆಕ್ಕದ ಪ್ರಕಾರ ಬದುಕುವ ಮೂರು ಬಗೆಯಲ್ಲಿ ಒಂದು ಪಾಲು ಡೌನ್ ಇರಬೇಕು. ವಾಸ್ತವದಲ್ಲಿ ತಾಯಿ ವಾಹಕಳಾಗಿದ್ದರೆ ಈ ಸಾಧ್ಯತೆ ನೂರಕ್ಕೆ ಹತ್ತರಿಂದ ಹದಿನೈದು, ತಂದೆ ವಾಹಕನಾಗಿದ್ದರೆ ಒಂದೆರಡು ಮಾತ್ರ. ಕೂಡಿಕೊಂಡದ್ದು ಎರಡು 21ಗಳೇ ಆಗಿದ್ದರೆ ಕಥೆ ಬೇರೆ: ಅಂಥ ವಾಹಕರಿಗೆ ಜೀವಂತ ಹುಟ್ಟುವ ಮಗುವಿಗೆಲ್ಲ ಡೌನ್ ಸಿಂಡ್ರೋಮೇ. ತಾಯಿಯ ವಯಸ್ಸು 23 ಇರಲಿ 38 ಇರಲಿ, ವಾಹಕಳಿಗೆ ಈ ಅಪಾಯ ವಯಸ್ಸನ್ನು ಕಾಯುವುದಿಲ್ಲ. ಆಕೆಯ ಅಕ್ಕತಂಗಿಯರು, ಅಣ್ಣತಮ್ಮಂದಿರು ಕೂಡ ವಾಹಕರಿರಬಹುದು, ಅವರಿಗೂ ಪರೀಕ್ಷೆಯ ಸಲಹೆ ಕೊಡುತ್ತಾರೆ. ತಂದೆತಾಯಿ ಇಬ್ಬರ ಕ್ರೋಮೋಸೋಮುಗಳೂ ಸಹಜವಾಗಿದ್ದರೆ ಕೂಡಿಕೆ ಹೊಸದಾಗಿ ಆದದ್ದು. ಮರುಕಳಿಸುವ ಸಾಧ್ಯತೆ ತೀರಾ ಕಡಿಮೆ.

ಪಟ್ಟೆಗಳಿಗೂ ಮಿತಿಯಿದೆ. ಒಳ್ಳೆಯ ತಯಾರಿಯಲ್ಲಿ ಒಂದು ಸೆಟ್ಟಿಗೆ 550ರಷ್ಟು ಪಟ್ಟೆ ಎಣಿಸಬಹುದು, ಆದರೂ ಐದರಿಂದ ಹತ್ತು ಮಿಲಿಯನ್ ಡಿಎನ್‌ಎ ಅಕ್ಷರಗಳಿಗಿಂತ ಚಿಕ್ಕ ತುಂಡು ಕಾಣೆಯಾಗಿದ್ದರೆ ಕಣ್ಣಿಗೆ ಬೀಳುವುದಿಲ್ಲ. 22ರ ಉದ್ದ ತೋಳಿನಲ್ಲಿ ಸುಮಾರು ಮೂರು ಮಿಲಿಯನ್ ಅಕ್ಷರ ಬಿಟ್ಟುಹೋಗಿ ಹೃದಯದೋಷ ಬರುವ ಪ್ರಸಿದ್ಧ ಉದಾಹರಣೆಗೆ ಫಿಶ್ ಅಥವಾ ಮೈಕ್ರೊಅರೇ ಪರೀಕ್ಷೆಯೇ ಆಗಬೇಕು.

ಹಾಗೆಂದು ಮೈಕ್ರೊಅರೇ ಇದ್ದರೆ ಕ್ಯಾರಿಯೋಟೈಪ್ ಬೇಡ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅರೇ ಅಳೆಯುವುದು ಡಿಎನ್‌ಎಯ ಪ್ರಮಾಣವನ್ನು, ಅದು ಎಲ್ಲಿ ಕೂತಿದೆ ಎಂಬುದನ್ನಲ್ಲ. ನಮ್ಮ ಉದಾಹರಣೆಯ ಮಗುವಿನ ರಕ್ತ ಕೊಟ್ಟರೆ 21 ಮೂರು ಪಾಲಿದೆ ಎಂದು ಅದು ಸರಿಯಾಗಿಯೇ ಹೇಳುತ್ತದೆ, 14ರ ಮೇಲೆ ಅಂಟಿಕೊಂಡಿದೆ ಎಂದು ಹೇಳುವುದಿಲ್ಲ. ತಾಯಿಯ ರಕ್ತ ಕೊಟ್ಟರೆ ವರದಿ ‘ನಾರ್ಮಲ್’ ಎಂದೇ ಬರುತ್ತದೆ. ಮೂರನೆಯ ಮಗು ಬೇಕೇ ಬೇಡವೇ ಎಂದು ಯೋಚಿಸುತ್ತಿರುವ ಆಕೆಗೆ ಬೇಕಾದ ಉತ್ತರ, ಮೂರು ದಿನ ಬೆಳೆಸಿದ ಕೋಶಗಳ ಸ್ಲೈಡಿನಲ್ಲಿ ಮಾತ್ರ ಇದೆ.