ಕುಸುಬೆ ಎಣ್ಣೆ ಒಡೆಯುವಾಗ ಎಲ್ಲಿ ತಡೆ?

ವಿಜಯಪುರ, ಕಲಬುರಗಿ ಕಡೆ ಅಡುಗೆಗೆ ಕುಸುಬೆ ಎಣ್ಣೆಯೇ ಆಗಬೇಕು ಎನ್ನುವವರು ಈಗಲೂ ಇದ್ದಾರೆ. ಹಳೆಯ ಕುಸುಬೆ ತಳಿಗಳ ಎಣ್ಣೆಯಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಇರುವುದು ಲಿನೋಲಿಯಿಕ್ ಆಮ್ಲ. ಇದು 18 ಇಂಗಾಲಗಳ ಸರಪಳಿ. ಆಮ್ಲದ ತುದಿಯಿಂದ ಎಣಿಸಿದರೆ 9ನೇ ಮತ್ತು 12ನೇ ಇಂಗಾಲಗಳ ಬಳಿ ಒಂದೊಂದು ದ್ವಿಬಂಧವಿದೆ, ಅಲ್ಲೆಲ್ಲ ಸರಪಳಿ ಬಾಗಿದೆ. ತಿಂದ ಎಣ್ಣೆ ಶಕ್ತಿಯಾಗುವಾಗ ದೇಹಕ್ಕೆ ತೊಡಕಾಗುವುದು ಈ ಎರಡು ಬಾಗುಗಳೇ.

ದ್ವಿಬಂಧವಿಲ್ಲದ ಕೊಬ್ಬನ್ನು ಒಡೆಯುವುದು ಸಲೀಸು. ಜೀವಕೋಶದ ಮೈಟೊಕಾಂಡ್ರಿಯದಲ್ಲಿ ಒಂದು ಕಿಣ್ವ 2 ಮತ್ತು 3ನೇ ಇಂಗಾಲಗಳಿಂದ ಜಲಜನಕ ಕಿತ್ತು ಅಲ್ಲಿ ನೇರವಾದ ದ್ವಿಬಂಧ ಮಾಡುತ್ತದೆ. ಎರಡನೆಯದು ಅದಕ್ಕೆ ನೀರು ಸೇರಿಸುತ್ತದೆ, ಮೂರನೆಯದು ಮತ್ತೆ ಜಲಜನಕ ತೆಗೆಯುತ್ತದೆ, ನಾಲ್ಕನೆಯದು 2 ಇಂಗಾಲದ ತುಂಡನ್ನು ಕತ್ತರಿಸುತ್ತದೆ. ಆ ತುಂಡಿನ ಹೆಸರು ಅಸಿಟೈಲ್ ಕೋಎ. ತಾಳೆ ಎಣ್ಣೆಯಲ್ಲಿ ಧಾರಾಳವಾಗಿರುವ 16 ಇಂಗಾಲದ ಪಾಮಿಟಿಕ್ ಆಮ್ಲ ಹೀಗೆ 7 ಸಲ ಕತ್ತರಿಸಿಕೊಂಡು 8 ತುಂಡಾಗುತ್ತದೆ.

ಲಿನೋಲಿಯಿಕ್ ಆಮ್ಲವೂ ಮೊದಲ ಮೂರು ಸುತ್ತು ಹೀಗೇ ಸಾಗುತ್ತದೆ. 6 ಇಂಗಾಲ ಹೋಗಿ 12 ಉಳಿದಾಗ, 9ರಲ್ಲಿದ್ದ ದ್ವಿಬಂಧ 3ಕ್ಕೆ ಬಂದು ನಿಂತಿರುತ್ತದೆ, 12ರದ್ದು 6ಕ್ಕೆ. ಮೊದಲ ಕಿಣ್ವಕ್ಕೆ ಬೇಕಾದ 3ನೇ ಇಂಗಾಲ ಆಗಲೇ ಪಕ್ಕದ ದ್ವಿಬಂಧಕ್ಕೆ ಸಿಕ್ಕಿಕೊಂಡಿದೆ. ಕತ್ತರಿ ಅಲ್ಲಿಗೆ ನಿಲ್ಲುತ್ತದೆ.

ಆಗ ಬರುವುದು ಐಸೊಮರೇಸ್. ಇದು ಏನನ್ನೂ ಸೇರಿಸುವುದಿಲ್ಲ, ತೆಗೆಯುವುದೂ ಇಲ್ಲ. ದ್ವಿಬಂಧವನ್ನು 3ರಿಂದ 2ಕ್ಕೆ ಸರಿಸಿ, ಬಾಗನ್ನು ನೇರ ಮಾಡುತ್ತದೆ, ಅಷ್ಟೆ. ಮೊದಲ ಕಿಣ್ವ ಮಾಡಬೇಕಿದ್ದ ದ್ವಿಬಂಧ ಹೀಗೆ ತಾನಾಗಿ ಸಿಕ್ಕಿಬಿಡುವುದರಿಂದ ಆ ಹೆಜ್ಜೆಯೇ ಬೇಡವಾಗುತ್ತದೆ. ಆ ಹೆಜ್ಜೆಯಿಂದ ಬರಬೇಕಿದ್ದ ಸುಮಾರು ಒಂದೂವರೆ ಎಟಿಪಿಯೂ ತಪ್ಪುತ್ತದೆ, ದೊಡ್ಡ ನಷ್ಟವೇನಲ್ಲ. ಕಡಲೆಕಾಯಿ ಎಣ್ಣೆಯ ಒಲಿಯಿಕ್ ಆಮ್ಲಕ್ಕಿರುವುದು ಒಂದೇ ದ್ವಿಬಂಧ. ಅದಕ್ಕೆ ಈ ಒಂದು ಕಿಣ್ವ ಸಾಕು.

ಕುಸುಬೆಯದ್ದು ಇನ್ನೂ ಮುಗಿದಿಲ್ಲ. ಮತ್ತೊಂದು ತುಂಡು ಹೋಗಿ 10 ಇಂಗಾಲ ಉಳಿದಾಗ ಎರಡನೇ ಬಾಗು 4ಕ್ಕೆ ಬಂದಿರುತ್ತದೆ. ಮೊದಲ ಕಿಣ್ವ ಎಂದಿನಂತೆ 2ರಲ್ಲಿ ದ್ವಿಬಂಧ ಮಾಡುತ್ತದೆ. ಈಗ 2ರಲ್ಲೊಂದು, 4ರಲ್ಲೊಂದು. ಹೀಗೆ ಜೋಡಿಯಾಗಿ ನಿಂತರೆ ಮುಂದಿನ ಹೆಜ್ಜೆ ಸಾಗದು. ಇಲ್ಲಿ ಡೈಯೀನಾಯಿಲ್ ಕೋಎ ರಿಡಕ್ಟೇಸ್ ಎಂಬ ಕಿಣ್ವ ಬೇಕು. ಅದು NADPHನಿಂದ ಜಲಜನಕ ಪಡೆದು, ಎರಡು ದ್ವಿಬಂಧಗಳನ್ನು ಒಂದು ಮಾಡಿ ನಡುವೆ, ಅಂದರೆ 3ರಲ್ಲಿ, ಇಡುತ್ತದೆ. ಮತ್ತೆ ಅದೇ 3! ಐಸೊಮರೇಸ್ ಇನ್ನೊಮ್ಮೆ ಬಂದು ಅದನ್ನು 2ಕ್ಕೆ ಸರಿಸಿದ ಮೇಲೆ, ಉಳಿದ 10 ಇಂಗಾಲ 5 ತುಂಡಾಗುತ್ತವೆ.

ಈ ರಿಡಕ್ಟೇಸ್ ಕೆಲಸ ಮಾಡದಿದ್ದರೆ ಏನಾಗುತ್ತದೆ ಎಂಬುದು 1990ರಲ್ಲಿ ವರದಿಯಾದ ಒಂದು ಶಿಶುವಿನಿಂದ ತಿಳಿಯಿತು. ಮಗುವಿನ ಸ್ನಾಯುಗಳಲ್ಲಿ ಬಿಗಿಯೇ ಇರಲಿಲ್ಲ, ರಕ್ತದಲ್ಲಿ ಕಾರ್ನಿಟಿನ್ ಕಡಿಮೆಯಿತ್ತು. ರಕ್ತ, ಮೂತ್ರಗಳಲ್ಲಿ ಕಾರ್ನಿಟಿನ್‌ಗೆ ಅಂಟಿಕೊಂಡು 10 ಇಂಗಾಲದ, ಎರಡು ದ್ವಿಬಂಧಗಳ ತುಂಡು ಸಿಕ್ಕಿತು. ಕತ್ತರಿ ಎಲ್ಲಿ ನಿಂತಿತ್ತೋ ಅಲ್ಲಿಯದೇ ತುಂಡು ಅದು. ಪ್ರಯೋಗಾಲಯದ ವರದಿಯಲ್ಲಿ ಇದನ್ನು C10:2 ಎಂದು ಬರೆಯುತ್ತಾರೆ. ಇದೇ ಕುರುಹಿದ್ದ ಮತ್ತೊಂದು ಮಗುವಿನ ಅಧ್ಯಯನ 2014ರಲ್ಲಿ ಬಂತು. ದೋಷವಿದ್ದದ್ದು NADK2 ಎಂಬ ಬೇರೆ ಜೀನ್‌ನಲ್ಲಿ. ಮೈಟೊಕಾಂಡ್ರಿಯಕ್ಕೆ NADPH ಒದಗಲು ಬೇಕಾದ ಕಿಣ್ವ ಅದರಿಂದ ಬರುತ್ತದೆ. ಕೆಲಸಗಾರನಿದ್ದೂ ಸಾಮಾನು ಬರದಂಥ ಸ್ಥಿತಿ. ಲೈಸಿನ್ ಒಡೆಯಲೂ NADPH ಬೇಕಾದ್ದರಿಂದ ರಕ್ತದಲ್ಲಿ ಲೈಸಿನ್ ಕೂಡ ಏರಿತ್ತು.

ಬೆಸ ಸಂಖ್ಯೆಯ ಸರಪಳಿಗಳ ತೊಡಕೇ ಬೇರೆ. ಹಾಲು, ತುಪ್ಪದಲ್ಲಿ 15, 17 ಇಂಗಾಲದ ಆಮ್ಲಗಳು ತುಸು ಇವೆ. ಎರಡೆರಡಾಗಿ ಕತ್ತರಿಸುತ್ತ ಹೋದರೆ ಕೊನೆಗೆ 3 ಇಂಗಾಲದ ಪ್ರೊಪಿಯೊನೈಲ್ ಕೋಎ ಉಳಿಯುತ್ತದೆ. ಬಯೋಟಿನ್ ಇಟ್ಟುಕೊಂಡ ಒಂದು ಕಿಣ್ವ ಅದಕ್ಕೆ ನಾಲ್ಕನೇ ಇಂಗಾಲ ಸೇರಿಸುತ್ತದೆ. ಮತ್ತೊಂದು ಅದರ ಎಡಗೈ ಬಲಗೈ ರೂಪವನ್ನು ಬದಲಿಸುತ್ತದೆ. ಕೊನೆಯ ಮ್ಯೂಟೇಸ್, ವಿಟಮಿನ್ ಬಿ12ರ ನೆರವಿನಿಂದ, ಅಣುವಿನ ಜೋಡಣೆ ಬದಲಿಸಿ ಸಕ್ಸಿನೈಲ್ ಕೋಎ ಮಾಡುತ್ತದೆ. ಅದು ಸಿಟ್ರಿಕ್ ಆಮ್ಲದ ಚಕ್ರಕ್ಕೆ ಸೇರುತ್ತದೆ.

ನಿಜ ಹೇಳಬೇಕೆಂದರೆ, ನಮ್ಮಲ್ಲಿ ಹುಟ್ಟುವ ಪ್ರೊಪಿಯೊನೈಲ್ ಕೋಎಗೆ ತುಪ್ಪದ ಪಾಲು ಅತ್ಯಲ್ಪ. ವ್ಯಾಲಿನ್, ಐಸೊಲ್ಯೂಸಿನ್‌ನಂಥ ಅಮೈನೊ ಆಮ್ಲಗಳೂ ಕರುಳಿನ ಬ್ಯಾಕ್ಟೀರಿಯಾಗಳೂ ಹೆಚ್ಚು ಒದಗಿಸುತ್ತವೆ. ಹಾಗಾಗಿ ತುಪ್ಪ ಬಿಟ್ಟವರಿಗೂ ಈ ಹಾದಿ ಬೇಕು, ಬಿ12 ಕೊರತೆಯಾದರೆ ಅದು ಕಟ್ಟಿಕೊಂಡು ಮಿಥೈಲ್‌ಮಲೋನಿಕ್ ಆಮ್ಲ ರಕ್ತದಲ್ಲಿ ಏರುತ್ತದೆ. ಸಸ್ಯಾಹಾರಿಗಳಿಗೆ ಬಿ12 ಸಿಗುವುದು ಮುಖ್ಯವಾಗಿ ಹಾಲು ಮೊಸರಿನಿಂದ. ರಕ್ತದ ಬಿ12 ಅಂಚಿನಲ್ಲಿದ್ದಾಗ ವೈದ್ಯರು ಈ ಆಮ್ಲವನ್ನು ಅಳೆಸುವುದುಂಟು. ಹೋಮೊಸಿಸ್ಟೀನ್ ಒಂದೇ ಏರಿದ್ದರೆ ಫೋಲೇಟ್ ಕೊರತೆಯೂ ಇರಬಹುದು. ಎರಡೂ ಏರಿದ್ದರೆ ಬಿ12 ಕಡೆಗೇ ಬೊಟ್ಟು. ಆದರೆ ಮೂತ್ರಪಿಂಡ ಸೋತವರಲ್ಲಿ ಇವೆರಡೂ ಹಾಗೇ ಏರುತ್ತವೆ, ಆದ್ದರಿಂದ ಕ್ರಿಯಾಟಿನಿನ್ ನೋಡದೆ ಈ ವರದಿಯನ್ನು ಓದಬಾರದು.