ರಸ್ತೆ ಬದಿಯಲ್ಲಿ ಜಗಳ, ಹೊಲದಲ್ಲಿ ಪಾಲು

ಬೈಲಹೊಂಗಲದಿಂದ ಸವದತ್ತಿ ಕಡೆ ಮಳೆಗಾಲದಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತರೆ ‘ನಿಶ್’ ಅನ್ನೋ ಪಾಠ ಎರಡೂ ಬದಿಗೆ ಕಾಣುತ್ತದೆ. ರಸ್ತೆ ಅಂಚಿನಲ್ಲಿ ಕಾಂಗ್ರೆಸ್ ಕಸ, ಅಂದ್ರೆ ಪಾರ್ಥೇನಿಯಂ. ಅದರಾಚೆ ಎರೆ ಹೊಲದಲ್ಲಿ ಹೆಸರು, ಹೆಸರಿನ ಸಾಲುಗಳ ನಡುವೆ ತೊಗರಿ.

ನಿಶ್ ಅಂದ್ರೆ ಬರೀ ಗಿಡ ಇರುವ ಜಾಗ ಅಲ್ಲ. ಅದು ಯಾವಾಗ ಮೊಳೆಯುತ್ತದೆ, ಎಷ್ಟು ಬೆಳಕು ಬೇಕು, ಯಾವ ಆಳದ ನೀರು ಕುಡಿಯುತ್ತದೆ, ಇದೆಲ್ಲ ಸೇರಿದ್ದೇ ನಿಶ್. ಪಾರ್ಥೇನಿಯಂನ ನಿಶ್ ಬಹಳ ದೊಡ್ಡದು. ನೆಲ ಬಯಲಾಗಿದ್ದು ಸ್ವಲ್ಪ ಹಸಿ ಸಿಕ್ಕರೆ ವರ್ಷದ ಯಾವ ತಿಂಗಳಲ್ಲಾದರೂ ಮೊಳೆಯುತ್ತದೆ. ಇದು ಅದರ ಮೂಲ ನಿಶ್. ಎದುರಾಳಿ ಬಂದಮೇಲೆ ಉಳಿಯುವಷ್ಟಕ್ಕೆ ವಾಸ್ತವ ನಿಶ್ ಎನ್ನುತ್ತಾರೆ.

ನಮ್ಮ ಕಡೆ ಆ ಎದುರಾಳಿ ಕ್ಯಾಸಿಯಾ. ತಗಚೆ ಬಳಗದ, ಹಳದಿ ಹೂವಿನ ಸಣ್ಣ ಗಿಡ. ಪಾರ್ಥೇನಿಯಂ ಹಾಗೆ ಇದೂ ಅಮೆರಿಕ ಖಂಡದಿಂದ ಬಂದದ್ದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಇದರ ಬೀಜ ಚೆಲ್ಲಿ ಪಾರ್ಥೇನಿಯಂ ತಡೆಯುವ ದಾರಿಯನ್ನು ಪ್ರಚಾರ ಮಾಡಿದರು. ಮೊದಲ ಮಳೆಗೆ ಕ್ಯಾಸಿಯಾ ಒಟ್ಟಿಗೇ, ದಟ್ಟವಾಗಿ ಮೊಳೆತು ನೆಲಕ್ಕೆ ನೆರಳು ಕವಿಸುತ್ತದೆ. ಅದರ ಗಿಡದಿಂದ ಇಳಿಯುವ ರಸವೂ ಪಾರ್ಥೇನಿಯಂ ಬೀಜ ಮೊಳೆಯದಂತೆ ತಡೆಯುತ್ತದೆ.

ಇದನ್ನು ಸಮೀಕರಣದಲ್ಲಿ ನೋಡಿದರೆ ನಮ್ಮಂಥವರಿಗೆ ಬೇಗ ತಿಳಿಯುತ್ತದೆ:

dN₁/dt = r₁N₁(1 − (N₁ + αN₂)/K₁)

N₁ ಪಾರ್ಥೇನಿಯಂ, N₂ ಕ್ಯಾಸಿಯಾ. K ಅಂದ್ರೆ ಆ ಜಾಗ ತಡೆಯುವಷ್ಟು ಗಿಡ. ಒಂದು ಕ್ಯಾಸಿಯಾ ಗಿಡ ಎಷ್ಟು ಪಾರ್ಥೇನಿಯಂ ಗಿಡಗಳಷ್ಟು ಕಾಟ ಕೊಡುತ್ತದೆ ಅನ್ನೋದು α. ಲೆಕ್ಕಕ್ಕೆಂದು ಎರಡಕ್ಕೂ K = 100, α = 1.4 ಹಿಡಿಯೋಣ. ಕ್ಯಾಸಿಯಾ 100 ಗಿಡ ತುಂಬಿದ ಜಾಗಕ್ಕೆ ಒಂದೆರಡು ಪಾರ್ಥೇನಿಯಂ ಬಂದರೆ ಕಂಸದ ಬೆಲೆ ಸುಮಾರು 1 − 1.4 = −0.4. ಋಣ, ಅಂದ್ರೆ ಇಳಿಮುಖ. ಉಲ್ಟಾ ನೋಡಿ: ಪಾರ್ಥೇನಿಯಂ ಕ್ಯಾಸಿಯಾಕ್ಕೆ ಕೊಡುವ ಕಾಟ 0.6 ಆದರೆ, ಪಾರ್ಥೇನಿಯಂ ತುಂಬಿದ ಜಾಗದಲ್ಲೂ ಕ್ಯಾಸಿಯಾಕ್ಕೆ +0.4. ಒಂದು ಒಳಗೆ ನುಗ್ಗಬಲ್ಲದು, ಇನ್ನೊಂದಕ್ಕೆ ಆಗೋದಿಲ್ಲ. ಸ್ಪರ್ಧೆಯಿಂದ ಹೊರಹಾಕುವುದು ಅಂದ್ರೆ ಇಷ್ಟೇ. ರಷ್ಯಾದ ಗೌಸ್ 1934ರ ತನ್ನ ಪುಸ್ತಕದಲ್ಲಿ ತೋರಿಸಿದ್ದೂ ಇದನ್ನೇ, ಗಾಜಿನ ನಳಿಕೆಯಲ್ಲಿ, ಎರಡು ಜಾತಿಯ ಪ್ಯಾರಾಮೀಸಿಯಂ ಇಟ್ಟು.

ಆದರೆ ರಸ್ತೆ ಬದಿ ಗಾಜಿನ ನಳಿಕೆ ಅಲ್ಲ. ಕ್ಯಾಸಿಯಾ ಒಂದೇ ವರ್ಷದ ಗಿಡ. ಮಳೆಗಾಲ ಮುಗಿದು ಅದು ಒಣಗಿದಾಗ ನೆಲದಲ್ಲಿ ಹಸಿ ಉಳಿದಿದ್ದರೆ ಪಾರ್ಥೇನಿಯಂ ಮತ್ತೆ ಮೇಲೇಳಬಹುದು. ಮಳೆಗಾಲದಲ್ಲಿ ಸೋತದ್ದು ಚಳಿಗಾಲದಲ್ಲಿ ಬದುಕುತ್ತದೆ. ಒಂದು ಕಸ ತೆಗೆಯಲು ಇನ್ನೊಂದು ಪರದೇಶಿ ಕಸ ಬಿತ್ತುವುದು ನಮಗಂತೂ ಅಷ್ಟು ಸಮಾಧಾನದ ಉಪಾಯ ಅನ್ನಿಸೋದಿಲ್ಲ. ನೆರಳು ಬರೀ ಪಾರ್ಥೇನಿಯಂ ಮೇಲೆ ಬೀಳೋದಿಲ್ಲ, ಊರಿನ ಹುಲ್ಲಿನ ಮೇಲೂ ಬೀಳುತ್ತದೆ.

ಈಗ ಹೊಲಕ್ಕೆ ಬರೋಣ. ಹೆಸರು, ತೊಗರಿ ಎರಡೂ ಮುಂಗಾರಿಗೆ ಒಂದೇ ದಿನ ಬಿತ್ತನೆ, ಒಂದೇ ಮಣ್ಣು. ಹಂಗಿದ್ದೂ ಒಂದನ್ನೊಂದು ಹೊರಹಾಕೋದಿಲ್ಲ. ಹೆಸರು 65–70 ದಿನಕ್ಕೆ ಕೊಯ್ಲಿಗೆ ಬರುತ್ತದೆ, ಅದರ ಬೇರು ಮೇಲಿನ ಪದರದಲ್ಲೇ ಹೆಚ್ಚು. ತೊಗರಿ ಮೊದಲ ಎರಡು ತಿಂಗಳು ನಿಧಾನ, ಬೇರು ಮಾತ್ರ ಆಳಕ್ಕೆ ಇಳಿಸುತ್ತಿರುತ್ತದೆ. ಹೆಸರು ಕಿತ್ತ ಮೇಲೆ ಆ ಖಾಲಿ ಬೆಳಕಿನಲ್ಲಿ ಟೊಂಗೆ ಹರಡಿ, ಎರೆ ಮಣ್ಣಿನ ಕೆಳಗಿನ ಹಸಿಯಲ್ಲಿ ಕಾಯಿ ಕಟ್ಟುತ್ತದೆ. ಕಾಲವೂ ಆಳವೂ ಪಾಲಾದವು. ಸಂಪನ್ಮೂಲ ಹಂಚಿಕೆ ಅಂದ್ರೆ ಇದು. ಮನೆಯವರಿಗೆ ಹಬ್ಬದ ಹೊತ್ತಿಗೆ ಹೆಸರಿನ ರೊಕ್ಕ ಕೈಗೆ ಬರುತ್ತದೆ, ಮುಂದೆ ತೊಗರಿದು.

ಬೆಳೆ ತಾನಾಗಿ ಹುಟ್ಟಿ ಹೆಚ್ಚೋದಿಲ್ಲ, ನಾವೇ ಬಿತ್ತುತ್ತೇವೆ. ಹಾಗಾಗಿ ಇಲ್ಲಿ α ಬದಲು ಇಳುವರಿ ಅಳೆಯುತ್ತಾರೆ. ಇದೂ ಲೆಕ್ಕಕ್ಕೆ ಹಿಡಿದ ಅಂಕಿ: ಒಂದು ಎಕರೆಯಲ್ಲಿ ಬರೀ ಹೆಸರು 4 ಕ್ವಿಂಟಲ್, ಬರೀ ತೊಗರಿ 6. ಕೂಡಿಸಿ ಬಿತ್ತಿದಾಗ ಹೆಸರು 3, ತೊಗರಿ 4.5.

3/4 + 4.5/6 = 0.75 + 0.75 = 1.5

ಅಂದ್ರೆ ಒಂದು ಎಕರೆ ಒಂದೂವರೆ ಎಕರೆಯ ಕೆಲಸ ಮಾಡಿತು. ಉತ್ತರ 1 ಬಂದರೆ ಎರಡೂ ಒಂದೇ ತಟ್ಟೆಯ ಊಟವನ್ನು ಬರೀ ಹಂಚಿಕೊಂಡಿವೆ. 1ಕ್ಕಿಂತ ಕಡಿಮೆ ಬಂದರೆ ಒಂದನ್ನೊಂದು ತುಳಿದಿವೆ.

ಈ ಲೆಕ್ಕ ಮೋಸವನ್ನೂ ಮಾಡಬಲ್ಲದು. ಬರೀ ತೊಗರಿ ಬೆಳೆದ ಹೊಲವನ್ನು ಸರಿಯಾದ ಅಂತರ, ಗೊಬ್ಬರ ಇಲ್ಲದೆ ಬೆಳೆದು 6ರ ಬದಲು 5 ಕ್ವಿಂಟಲ್ ತೆಗೆದರೆ 4.5/5 = 0.9 ಆಗಿ, ಒಟ್ಟು 1.65ಕ್ಕೆ ಏರುತ್ತದೆ. ಕೂಡುಬೆಳೆ ಚಲೋ ಆಗಿದ್ದರಿಂದ ಅಲ್ಲ, ಹೋಲಿಕೆಯ ಹೊಲ ಕೆಟ್ಟಿದ್ದರಿಂದ. ಇನ್ನು ರಾಮದುರ್ಗದಂಥ ಕಡಿಮೆ ಮಳೆಯ ಕಡೆ ಮಳೆ ತಡವಾಗಿ ಬಿತ್ತನೆ ಮುಂದೆ ಹೋಗಿ, ಸೆಪ್ಟೆಂಬರ್‌ನ ಮಳೆಯೂ ಕೈಕೊಟ್ಟರೆ, ಕೆಳಗಿನ ಪದರ ತುಂಬುವುದೇ ಇಲ್ಲ. ಆಗ ತೊಗರಿಯ ಬೇರು ಎಷ್ಟು ಆಳಕ್ಕೆ ಹೋದರೂ ಅಲ್ಲಿ ಹಂಚಿಕೊಳ್ಳಲು ನೀರಿರುವುದಿಲ್ಲ.