ನಲವತ್ತು ಸೆಕೆಂಡಿನಲ್ಲಿ ಬಿಟ್ಟುಹೋದ ಮಾತು

ತೆರಿಗೆ ಸಲಹಾ ಸಂಸ್ಥೆಯೊಂದು 2024ರಲ್ಲಿ ನಡೆಸಿದ ಒಂದು ಗಂಟೆಯ ವೆಬಿನಾರನ್ನು ವಾರವಿಡೀ ಹಂಚುವ ಕೆಲಸ ನನ್ನ ಪಾಲಿಗೆ ಬಂದಿತ್ತು. ವಿಷಯ, ಆದಾಯ ತೆರಿಗೆ ಕಾಯ್ದೆಗೆ ಆಗಷ್ಟೇ ಸೇರಿದ್ದ 43ಬಿ(ಎಚ್). ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಂದ ಸರಕು ತಂದು ಗಡುವು ಮೀರಿ ದುಡ್ಡು ಕೊಟ್ಟರೆ, ಆ ಖರ್ಚು ದುಡ್ಡು ಕೊಟ್ಟ ವರ್ಷದ ಲೆಕ್ಕಕ್ಕಷ್ಟೇ ಸಿಗುತ್ತದೆ.

ಮೊದಲು ಇಡೀ ಮಾತನ್ನು ನಿಮಿಷದ ಗುರುತಿನೊಂದಿಗೆ ಬರಹಕ್ಕಿಳಿಸಿಕೊಂಡೆ. ಸ್ವಾಗತ, ಪರಿಚಯ, ಸ್ಲೈಡುಗಳ ಓದು ಹೆಚ್ಚು ಉಪಯೋಗಕ್ಕೆ ಬರಲಿಲ್ಲ. ಫಸಲು ಸಿಕ್ಕಿದ್ದು ಕೊನೆಯ ಪ್ರಶ್ನೋತ್ತರದಲ್ಲಿ. ಅಲ್ಲಿ ಕೇಳಿದವರು ತಮ್ಮ ಅಂಗಡಿ, ಕಾರ್ಖಾನೆಯ ತೊಡಕನ್ನೇ ಕೇಳಿದ್ದರು. ಅದರಿಂದ ಐದು ಜಾಗ ಗುರುತು ಹಾಕಿದೆ. ಮೂರು ಕ್ಲಿಪ್, ಎರಡು ಪೋಸ್ಟ್. ಕೇಳಿದವರ ಹೆಸರು, ದನಿ ತೆಗೆದು ಪ್ರಶ್ನೆಯನ್ನು ಪರದೆಯ ಮೇಲೆ ಅಕ್ಷರದಲ್ಲಿ ಕೊಟ್ಟೆ.

ಸೋಮವಾರಕ್ಕೆಂದು ಕತ್ತರಿಸಿದ ನಲವತ್ತು ಸೆಕೆಂಡಿನ ಕ್ಲಿಪ್ಪನ್ನು ಮಾತನಾಡಿದ ಲೆಕ್ಕಪರಿಶೋಧಕರಿಗೇ ತೋರಿಸಿದೆ. ಅದರಲ್ಲಿ ಅವರು, "ನಿಮಗೆ ನಲವತ್ತೈದು ದಿನ ಇದೆ" ಎನ್ನುತ್ತಾರೆ. ನೋಡಿದವರೇ ಕೇಳಿದರು: "ಲಿಖಿತ ಒಪ್ಪಂದ ಇದ್ದರೆ ಅಂತ ಹೇಳಿದ್ದೆನಲ್ಲ, ಅದೆಲ್ಲಿ ಹೋಯ್ತು?"

"ಅದು ಎರಡು ನಿಮಿಷ ಹಿಂದೆ ಇತ್ತು ಸರ್."

"ಒಪ್ಪಂದ ಇಲ್ಲದಿದ್ದರೆ ಹದಿನೈದೇ ದಿನ. ಇದನ್ನು ನಂಬಿ ಕೂತವನ ಗತಿ ಏನು?"

ಗಂಟೆಯಿಡೀ ಕೇಳಿದವರಿಗೆ ಆ ಷರತ್ತು ನೆನಪಿರುತ್ತದೆ. ಫೋನಿನಲ್ಲಿ ಆ ತುಣುಕನ್ನಷ್ಟೇ ನೋಡಿದವರಿಗೆ ಅರ್ಧ ಸಲಹೆಯೇ ಪೂರ್ತಿ ಸಲಹೆ. ಅಂದಿನಿಂದ ನಾನು ಪ್ರತಿ ತುಣುಕನ್ನೂ ವೆಬಿನಾರ್ ನೋಡಿರದ ಒಬ್ಬರಿಗೆ ತೋರಿಸಿ, "ಇದರಿಂದ ನೀವು ಏನು ಮಾಡುತ್ತೀರಿ?" ಎಂದು ಕೇಳುತ್ತೇನೆ. ಉತ್ತರ ತಪ್ಪಾದರೆ ಕತ್ತರಿ ತಪ್ಪು ಜಾಗದಲ್ಲಿ ಬಿದ್ದಿದೆ ಎಂದೇ ಅರ್ಥ. ಷರತ್ತನ್ನು ಅಕ್ಷರದಲ್ಲಿ ಸೇರಿಸಿದರೆ ಕೆಲವೊಮ್ಮೆ ಸಾಕಾಗುತ್ತದೆ. ಅಂದು ಸಾಕಾಗಲಿಲ್ಲ. ಅವರನ್ನು ಕೂರಿಸಿ, ಎರಡೂ ಗಡುವು ಬರುವಂತೆ ಆ ಮಾತನ್ನು ಮತ್ತೆ ಹೇಳಿಸಿ ಚಿತ್ರೀಕರಿಸಿದೆ.

ಇನ್ನೊಂದು ತೊಡಕು ಚಿತ್ರದ್ದು. ಸ್ಲೈಡು ದೊಡ್ಡದಾಗಿ, ಮುಖ ಮೂಲೆಯಲ್ಲಿ ಚಿಕ್ಕದಾಗಿ ರೆಕಾರ್ಡ್ ಆಗಿದ್ದರೆ, ಫೋನಿಗೆಂದು ಉದ್ದಕ್ಕೆ ಕತ್ತರಿಸಿದಾಗ ಮುಖವೂ ಮಸುಕು, ಅಕ್ಷರವೂ ಓದಲಾಗದು. ಮಾತುಗಾರರ ಚಿತ್ರವನ್ನು ಬೇರೆಯಾಗಿ ರೆಕಾರ್ಡ್ ಮಾಡುವಂತೆ ವೆಬಿನಾರಿಗೆ ಮೊದಲೇ ಹೊಂದಿಸಿಡಬೇಕು, ಆಮೇಲೆ ಸರಿಪಡಿಸಲು ದಾರಿಯಿಲ್ಲ.

ಇಮೇಲ್ ಎರಡು ಬಗೆ. ಹೆಸರು ನೋಂದಾಯಿಸಿಯೂ ಬಾರದವರಿಗೆ ಮಂಗಳವಾರ ರೆಕಾರ್ಡಿಂಗ್ ಕೊಂಡಿ, ಜೊತೆಗೆ ಯಾವ ನಿಮಿಷದಲ್ಲಿ ಏನಿದೆ ಎಂಬ ನಾಲ್ಕು ಸಾಲು. ಬಂದವರಿಗೆ ಅದನ್ನೇ ಕಳಿಸಿದರೆ ಅವರು ತೆರೆದೂ ನೋಡುವುದಿಲ್ಲ. ಅವರಿಗೆ ಗುರುವಾರ, ಸಮಯ ಸಾಲದೆ ಉಳಿದಿದ್ದ ಒಂದು ಪ್ರಶ್ನೆಗೆ ಉತ್ತರ ಬರೆಸಿ ಕಳಿಸಿದೆವು: ಸರಕು ಕೊಟ್ಟವರು ಬರೀ ವ್ಯಾಪಾರಿಯಾಗಿದ್ದರೆ ಈ ನಿಯಮ ಅನ್ವಯಿಸುತ್ತದೆಯೇ? ಶುಕ್ರವಾರದ ಪೋಸ್ಟ್ ಆ ಉತ್ತರದಿಂದಲೇ ಹುಟ್ಟಿತು.